ಮುಖ ಸ್ಕಿನ್ ಲೈನ್ ಮೇಲೇ ಇದೆ, ಆದರೂ ನಂಬುವ ಹಾಗಿಲ್ಲ

ಪ್ರಶ್ನೆ: ಹಾಸನದಲ್ಲಿ ವಿಡಿಯೋ ಎಡಿಟಿಂಗ್ ಮಾಡ್ತೀನಿ, ಡಾವಿಂಚಿ ರಿಸಾಲ್ವ್‌ನಲ್ಲಿ. ಒಂದು ಸೀರೆ ಅಂಗಡಿಯ ಜಾಹೀರಾತು. ಕೇಸರಿ ಸೀರೆಯಲ್ಲಿ ಶೂಟ್ ಆಗಿದೆ, ಈಗ ಅದೇ ಶಾಟ್ ಹಸಿರು ಸೀರೆಯಲ್ಲೂ ಬೇಕಂತೆ. ಬಣ್ಣ ಬದಲಾಯಿಸಿ, ಮೇಲೆ ಸ್ವಲ್ಪ ಟೀಲ್ ಲುಕ್ ಕೊಟ್ಟೆ. ಬಣ್ಣ ಅಳೆಯುವ ವೆಕ್ಟರ್‌ಸ್ಕೋಪ್‌ನಲ್ಲಿ ಮುಖ ಸ್ಕಿನ್ ಟೋನ್ ಲೈನ್ ಮೇಲೆ ಸರಿಯಾಗಿ ಕೂತಿದೆ. ಆದರೂ ಮುಖ ಏನೋ ಸುಳ್ಳು ಅನಿಸುತ್ತೆ, ಗದ್ದದ ಹತ್ರ ಜಾಸ್ತಿ. ಇನ್ನೊಬ್ಬ ಮಾಡೆಲ್ ಸ್ವಲ್ಪ ಕಪ್ಪು, ಅವರದು ಗೆರೆ ಮೇಲೆ ತುಂಬ ಗಿಡ್ಡ ಬರುತ್ತೆ. ಸ್ಯಾಚುರೇಷನ್ ಏರಿಸಬೇಕಾ?

ಉತ್ತರ: ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಗೆರೆ ಮೇಲೆ ಕೂತಿರುವುದು ನಿಜವಾಗಿ ಮುಖವೇನಾ? ಸೀರೆಯ ನೆರಿಗೆ, ಮರದ ಬಾಗಿಲು, ಹಿತ್ತಾಳೆ ದೀಪ, ಹಿಂದಿನ ಗೋಡೆ, ಇವೆಲ್ಲ ಸುಮಾರು ಅದೇ ಜಾಗಕ್ಕೆ ಬರುತ್ತವೆ. ಇಡೀ ಫ್ರೇಮಿನ ಸ್ಕೋಪ್ ನೋಡಿ ಮುಖದ ಬಗ್ಗೆ ಏನೂ ಹೇಳಲು ಆಗುವುದಿಲ್ಲ. ಮುಖವನ್ನು ಬೇರೆ ಮಾಡಿ ಅಳೆಯಬೇಕು.

ರಿಸಾಲ್ವ್‌ನಲ್ಲಿ ಇದು ಸುಲಭ. ಎಲ್ಲಾ ನೋಡ್‌ಗಳ ಕೊನೆಯಲ್ಲಿ ಒಂದು ಖಾಲಿ ನೋಡ್ ಹಾಕಿ. ಅದರಲ್ಲಿ ಕೆನ್ನೆ, ಹಣೆ, ಗದ್ದ ಮಾತ್ರ ಸೇರುವ ಹಾಗೆ ಒಂದು ವಿಂಡೋ ಬಿಡಿಸಿ. ಕೂದಲು, ಕುಂಕುಮ, ತುಟಿ, ಓಲೆ ಹೊರಗಿರಲಿ. ಆಮೇಲೆ Shift+H ಒತ್ತಿ ಹೈಲೈಟ್ ಆನ್ ಮಾಡಿ. ವಿಂಡೋ ಹೊರಗಿನದೆಲ್ಲ ಬೂದು ಬಣ್ಣಕ್ಕೆ ಹೋಗುತ್ತದೆ. ಬೂದು ಎಂದರೆ ಬಣ್ಣವೇ ಇಲ್ಲ, ಹಾಗಾಗಿ ಅದು ಸ್ಕೋಪಿನ ನಟ್ಟ ನಡುವಿನ ಚುಕ್ಕಿಯಾಗಿ ಸುಮ್ಮನೆ ಕೂರುತ್ತದೆ. ಹೊರಗೆ ಚಾಚಿಕೊಂಡು ಉಳಿಯುವುದು ಮುಖದ ಟ್ರೇಸ್ ಮಾತ್ರ, ಅಂದರೆ ಮುಖದ ಬಣ್ಣ ಸ್ಕೋಪಿನಲ್ಲಿ ಮೂಡಿಸುವ ಗುರುತು. ಸ್ಕೋಪಿನ ಸೆಟ್ಟಿಂಗ್ಸ್‌ನಲ್ಲಿ `Show Skin Tone Indicator` ಮತ್ತು `Show 2x Zoom` ಎರಡನ್ನೂ ಟಿಕ್ ಮಾಡಿ. ಮುಖದ ಟ್ರೇಸ್ ಯಾವಾಗಲೂ ಚಿಕ್ಕದು, ಜೂಮ್ ಇಲ್ಲದೆ ಅದರ ಆಕಾರ ಕಾಣುವುದೇ ಇಲ್ಲ. ಪ್ರೀಮಿಯರ್ ಬಳಸುವವರು ಕ್ಲಿಪ್‌ಗೆ ತಾತ್ಕಾಲಿಕವಾಗಿ ಒಂದು ಒಪಾಸಿಟಿ ಮಾಸ್ಕ್ ಹಾಕಿ, ಉಳಿದದ್ದನ್ನು ಕಪ್ಪಾಗಿಸಿ ಇದೇ ಕೆಲಸ ಮಾಡಬಹುದು. ಕಪ್ಪೂ ನಡುವಿಗೇ ಬರುತ್ತದೆ.

ಇನ್ನೊಂದು ಮಾತು. ಶೂಟ್ ಲಾಗ್‌ನಲ್ಲಿ, ಅಂದರೆ ಬಣ್ಣ ಮಂಕಾಗಿ ಕಾಣುವ ರೂಪದಲ್ಲಿ ಆಗಿದ್ದರೆ, ವಿಡಿಯೋದ ಮಾಮೂಲಿ ಬಣ್ಣದ ಮಾನದಂಡವಾದ ರೆಕ್ 709ಕ್ಕೆ ಬದಲಾಯಿಸಿದ ಮೇಲಷ್ಟೇ ಸ್ಕೋಪ್ ಓದಿ. ಲಾಗ್ ಚಿತ್ರದಲ್ಲಿ ಎಲ್ಲರ ಮುಖವೂ ನಡುವಿನ ಹತ್ತಿರ ಮುದುರಿಕೊಂಡಿರುತ್ತದೆ.

ಈಗ ಆ ಗೆರೆಯ ವಿಷಯಕ್ಕೆ ಬರೋಣ. ವೆಕ್ಟರ್‌ಸ್ಕೋಪ್‌ನಲ್ಲಿ ದಿಕ್ಕು ಯಾವ ಬಣ್ಣ ಎಂದು ಹೇಳುತ್ತದೆ. ನಡುವಿನಿಂದ ಇರುವ ದೂರ ಆ ಬಣ್ಣ ಎಷ್ಟು ಗಾಢ ಎಂದು ಹೇಳುತ್ತದೆ. ಬೆಳಕು ಎಷ್ಟಿದೆ ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಎರಡನೇ ಮಾಡೆಲ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ. ಸ್ಕೋಪನ್ನು ಗಡಿಯಾರ ಅಂದುಕೊಂಡರೆ ಕೆಂಪಿನ ಡಬ್ಬಿ ಹನ್ನೆರಡಕ್ಕಿಂತ ತುಸು ಎಡಕ್ಕೆ, ಹಳದಿಯ ಡಬ್ಬಿ ಒಂಬತ್ತರ ಹತ್ತಿರ, ಹಸಿರು ಏಳು ದಾಟಿದ ಮೇಲೆ ಇರುತ್ತದೆ. ಸ್ಕಿನ್ ಲೈನ್ ಸುಮಾರು ಹನ್ನೊಂದು ಗಂಟೆಯ ದಿಕ್ಕು. ಡಿಗ್ರಿ ಲೆಕ್ಕದಲ್ಲಿ, ಬಲಗಡೆಯಿಂದ ಎಣಿಸಿದರೆ, 123ರ ಸುಮಾರು.

ತುಂಬ ಜನ ಈ ಗೆರೆಯನ್ನು ಯಾರೋ ಸಾವಿರಾರು ಮುಖ ಅಳೆದು ಎಳೆದಿದ್ದಾರೆ ಅಂದುಕೊಂಡಿದ್ದಾರೆ. ಹಾಗಲ್ಲ. ಅದು 1953ರ ಅಮೆರಿಕದ ಎನ್‌ಟಿಎಸ್‌ಸಿ ಬಣ್ಣದ ಟೀವಿ ಪದ್ಧತಿಯಿಂದ ಬಂದದ್ದು. ಆ ಪದ್ಧತಿಯಲ್ಲಿ ಬಣ್ಣವನ್ನು ಎರಡು ಸಿಗ್ನಲ್‌ಗಳಾಗಿ ಕಳಿಸುತ್ತಿದ್ದರು. ಕಣ್ಣು ಸೂಕ್ಷ್ಮ ವಿವರವನ್ನು ಕಿತ್ತಳೆ ಮತ್ತು ನೀಲಿ-ಹಸಿರಿನ ನಡುವೆ ಚೆನ್ನಾಗಿ ಗುರುತಿಸುತ್ತದೆ. ಅದಕ್ಕೆ ಆ ದಿಕ್ಕಿನ ಸಿಗ್ನಲ್‌ಗೆ ಹೆಚ್ಚು ಜಾಗ ಕೊಟ್ಟರು. ಅದರ ಹೆಸರು ಐ ಅಕ್ಷ. ಮನುಷ್ಯರ ಚರ್ಮ ಸಹ ಆ ಕಿತ್ತಳೆ ತುದಿಯ ಹತ್ತಿರವೇ ಬೀಳುತ್ತದೆ. ರಕ್ತದ ಕೆಂಪು, ಮೆಲನಿನ್‌ನ ಕಂದು, ಎರಡೂ ಸೇರಿದರೆ ಬರುವುದೇ ಆ ದಿಕ್ಕು. ಹಾಗಾಗಿ ಕಲರಿಸ್ಟ್‌ಗಳು ಆ ಅಕ್ಷವನ್ನು ಮುಖದ ಗುರುತಾಗಿ ಬಳಸತೊಡಗಿದರು.

ಅಂದರೆ ಅದು ಗುರಿ ಅಲ್ಲ, ದಿಕ್ಸೂಚಿ ಅಷ್ಟೇ. ಮುಖ ಅದರ ಎರಡೂ ಕಡೆ ನಾಲ್ಕೈದು ಡಿಗ್ರಿ ಹೊರಳಿದರೆ ಏನೂ ತಪ್ಪಿಲ್ಲ. ನಮ್ಮ ಕಡೆಯ ಮುಖಗಳು ಹಗಲಿನ ಬೆಳಕಲ್ಲಿ ಗೆರೆಯಿಂದ ಸ್ವಲ್ಪ ಹಳದಿ ಕಡೆಗೇ ಇದ್ದರೆ ಚೆಂದ ಎಂದು ನನ್ನ ಅನಿಸಿಕೆ. ಗೆರೆ ಮೇಲೆ ಎಳೆದು ಕೂರಿಸಿದರೆ ಎಷ್ಟೋ ಸಲ ಕೆನ್ನೆ ವಿನಾಕಾರಣ ಕೆಂಪಗಾಗುತ್ತದೆ. ಅರಿಶಿನ ಶಾಸ್ತ್ರದ ಶಾಟ್ ಆದರಂತೂ ಗೆರೆಯನ್ನು ಮರೆತೇಬಿಡಿ. ಅರಿಶಿನ ಹಚ್ಚಿದ ಮುಖ ಹಳದಿ ಕಡೆ ಹೋಗಲೇಬೇಕು. ಅದನ್ನು ಹನ್ನೊಂದು ಗಂಟೆಗೆ ಎಳೆದರೆ ಅರಿಶಿನ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಎಷ್ಟು ಸಣ್ಣ ಬದಲಾವಣೆ ಎಷ್ಟು ಡಿಗ್ರಿ ಹೊರಳಿಸುತ್ತದೆ ಎಂದು ಅಂಕಿಯಲ್ಲೇ ನೋಡೋಣ. 0ಯಿಂದ 255ರ ಲೆಕ್ಕದಲ್ಲಿ ಕೆನ್ನೆಯ ಒಂದು ಪಿಕ್ಸೆಲ್ ಕೆಂಪು 200, ಹಸಿರು 145, ನೀಲಿ 120 ಇದೆ ಅಂದುಕೊಳ್ಳಿ. ರೆಕ್ 709ರ ಸೂತ್ರ ಹಾಕಿದರೆ ಅದು 123 ಡಿಗ್ರಿಗೆ, ಅಂದರೆ ಗೆರೆಯ ಮೇಲೇ ಬೀಳುತ್ತದೆ. ಹಸಿರನ್ನು 150 ಮಾಡಿ, ಅದು 128 ಡಿಗ್ರಿಗೆ, ಹಳದಿ ಕಡೆಗೆ ಹೋಗುತ್ತದೆ. 140 ಮಾಡಿ, 119ರ ಹತ್ತಿರ, ಕೆಂಪಿನ ಕಡೆಗೆ ಬರುತ್ತದೆ. ಹಸಿರು ಚಾನೆಲ್‌ನಲ್ಲಿ ಬರೀ ಐದು ಅಂಕಿಗೆ ಸುಮಾರು ಐದು ಡಿಗ್ರಿ. ವ್ಹೀಲ್ ಅನ್ನು ಒಂಚೂರು ಮುಟ್ಟಿದರೂ ಮುಖ ಯಾಕೆ ಹೊರಳುತ್ತದೆ ಎಂದು ಗೊತ್ತಾಯಿತಲ್ವಾ. ದೂರದ ವಿಷಯ ಹೇಳುವುದಾದರೆ, ಆ 200-145-120ರ ಪಿಕ್ಸೆಲ್ ನಡುವಿನಿಂದ ಇರುವ ದೂರ, ಕೆಂಪಿನ 75% ಡಬ್ಬಿ ಇರುವ ದೂರದ ಮೂರನೇ ಒಂದು ಭಾಗದಷ್ಟು. ಒಳ್ಳೆಯ ಬೆಳಕಿನಲ್ಲಿರುವ ಸಹಜ ಮುಖ ಸಾಮಾನ್ಯವಾಗಿ ಅಲ್ಲೇ ಆಸುಪಾಸು ಇರುತ್ತದೆ.

ಈಗ ನಿಮ್ಮ ಕೇಸರಿ ಸೀರೆ. ತೊಂದರೆಯ ಮೂಲ ಇಲ್ಲಿದೆ. ಸೀರೆಯ ಮೇಲೆ ಚೆನ್ನಾಗಿ ಬೆಳಕು ಬಿದ್ದ ಜಾಗ 215, 110, 50 ಇರಬಹುದು. ಅದರ ದಿಕ್ಕು ಲೆಕ್ಕ ಹಾಕಿದರೆ 127 ಡಿಗ್ರಿ. ಮುಖ 123. ಎರಡೂ ಒಂದೇ ದಿಕ್ಕಿನಲ್ಲಿವೆ! ಸೀರೆ ಎರಡರಷ್ಟು ದೂರದಲ್ಲಿದೆ, ಅಷ್ಟೇ ವ್ಯತ್ಯಾಸ. ಇನ್ನು ನೆರಿಗೆಯ ನೆರಳಿನಲ್ಲಿ ಸೀರೆಯ ಅಂಕಿಗಳು ಅರ್ಧವಾಗುತ್ತವೆ, ಆಗ ಅದು ಸ್ಕೋಪಿನಲ್ಲಿ ನೇರವಾಗಿ ಮುಖದ ಮೇಲೆಯೇ ಬಂದು ಕೂರುತ್ತದೆ. ಮುಖವನ್ನು ಬೇರೆ ಮಾಡದೆ ಸ್ಕೋಪ್ ಓದಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ನೀವು `Hue vs Hue` ಕರ್ವ್‌ನಲ್ಲಿ ಕೇಸರಿಯನ್ನು ಹಿಡಿದು ಹಸಿರಿಗೆ ಎಳೆದಿದ್ದರೆ ಮುಖವೂ ಜೊತೆಗೆ ಹೋಗಿರುತ್ತದೆ. ಆ ಕರ್ವ್‌ಗೆ ದಿಕ್ಕು ಮಾತ್ರ ಗೊತ್ತು, ಮುಖ ಯಾವುದು ಸೀರೆ ಯಾವುದು ಎಂದು ಗೊತ್ತಿಲ್ಲ. ಬಣ್ಣ ನೋಡಿ ಜಾಗ ಆರಿಸುವ ಕ್ವಾಲಿಫೈಯರ್‌ನಿಂದ ಸೀರೆಯನ್ನು ಆರಿಸಿದ್ದರೂ ಹ್ಯೂ ಒಂದರಿಂದ ಬೇರೆ ಮಾಡಲು ಆಗುವುದಿಲ್ಲ. ಬೇರೆ ಮಾಡಬಲ್ಲದ್ದು ಸ್ಯಾಚುರೇಷನ್. ಕ್ವಾಲಿಫೈಯರ್‌ನ ಸ್ಯಾಚುರೇಷನ್ ಸಾಲಿನಲ್ಲಿ `Low` ಅನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಹೈಲೈಟ್ ಆನ್ ಇರಲಿ. ಕೆನ್ನೆ, ಹಣೆ, ಕೈ ಬೂದು ಬಣ್ಣಕ್ಕೆ ಹೋಗಿ ಸೀರೆ ಮಾತ್ರ ಉಳಿಯುವ ಒಂದು ಹಂತ ಬರುತ್ತದೆ. ಅಲ್ಲಿ ನಿಲ್ಲಿಸಿ. ಅದರ ಮೇಲೆ ಮುಖಕ್ಕೆ ಒಂದು ವಿಂಡೋ ಹಾಕಿ, ಅದನ್ನು ಕಳೆಯುವ ರೀತಿಯಲ್ಲಿ ಇಟ್ಟು, ಟ್ರ್ಯಾಕ್ ಮಾಡಿ. ಕತ್ತು ಮತ್ತು ಸೊಂಟದ ಹತ್ತಿರ ಇನ್ನೂ ಒಂದೆರಡು ಬೇಕಾಗಬಹುದು. ಬೇಸರದ ಕೆಲಸ. ಆದರೆ ಕೇಸರಿ ಸೀರೆಗೆ ಅಡ್ಡದಾರಿ ಇಲ್ಲ. ಅದೇ ಸೀರೆ ನೀಲಿ ಇದ್ದಿದ್ದರೆ ಐದು ನಿಮಿಷದ ಕೆಲಸವಾಗುತ್ತಿತ್ತು. ಮುಂದಿನ ಸಲ ಅಂಗಡಿಯವರಿಗೆ ನೀಲಿ ಸೀರೆಯಲ್ಲೇ ಶೂಟ್ ಮಾಡಿಸಿ ಎಂದು ಹೇಳಿ!

ಬಣ್ಣ ಬದಲಾಯಿಸಿದ ಮೇಲೆ ಮುಖಕ್ಕೆ ಪೆಟ್ಟಾಗಿದೆಯೋ ಇಲ್ಲವೋ ಎಂದು ತಿಳಿಯಲು ಗೆರೆಗಿಂತ ಹೆಚ್ಚಾಗಿ ಟ್ರೇಸಿನ ಆಕಾರ ನೋಡಿ. ಸಹಜ ಮುಖ ಒಂದು ಚುಕ್ಕಿ ಅಲ್ಲ, ಒಂದು ಗೀಟೂ ಅಲ್ಲ. ನಡುವಿನಿಂದ ಹೊರಟು ಗೆರೆಯ ಅಕ್ಕಪಕ್ಕ ಸ್ವಲ್ಪ ಅಗಲವಾಗುವ ಮಸುಕಾದ ಪಟ್ಟಿ ಅದು. ಮೂಗಿನ ತುದಿ, ಕಿವಿ, ಕೆನ್ನೆಯ ಮೇಲ್ಭಾಗ ಸ್ವಲ್ಪ ಕೆಂಪಿನ ಕಡೆ ಇರುತ್ತವೆ, ಅಲ್ಲಿ ರಕ್ತ ಜಾಸ್ತಿ. ಹಣೆ ಮತ್ತು ಬಾಯಿಯ ಸುತ್ತ ಬೇರೆ ತರಹ ಇರಬಹುದು. ಈ ಅಗಲವೇ ಮುಖಕ್ಕೆ ಜೀವ ಕೊಡುವುದು. ಕ್ವಾಲಿಫೈಯರ್ ಮುಖದ ಒಂದು ಭಾಗವನ್ನು ಅರ್ಧಂಬರ್ಧ ಹಿಡಿದಿದ್ದರೆ ಆ ಪಟ್ಟಿ ಸೀಳುತ್ತದೆ. ಬಹುಪಾಲು ಗೆರೆ ಮೇಲೇ ಉಳಿಯುತ್ತದೆ, ಒಂದು ಬಾಲ ಮಾತ್ರ ಹಳದಿಯ ಕಡೆಗೆ ಬಾಗುತ್ತದೆ. ಕೇಸರಿ ಮತ್ತು ಹಸಿರನ್ನು ಅರ್ಧಕ್ಕರ್ಧ ಬೆರೆಸಿದರೆ ಮಂಕಾದ ಹಳದಿ ಬರುತ್ತದೆ, ಹಾಗಾಗಿ ಬಾಲ ಆ ಕಡೆಗೇ ಹೋಗುತ್ತದೆ. ಸರಾಸರಿ ತೆಗೆದರೆ ಮುಖ ಇನ್ನೂ ಗೆರೆ ಮೇಲೇ. ನೀವು ನೋಡಿ ಸಮಾಧಾನ ಪಟ್ಟದ್ದು ಬಹುಶಃ ಆ ಸರಾಸರಿಯನ್ನೇ.

ಪರೀಕ್ಷೆ ಹೀಗೆ ಮಾಡಿ. ಸೀರೆಯ ನೋಡ್ ಆರಿಸಿ Ctrl+D ಒತ್ತಿದರೆ ಅದು ಆಫ್ ಆಗುತ್ತದೆ, ಮತ್ತೆ ಒತ್ತಿದರೆ ಆನ್. ಮುಖದ ಹೈಲೈಟ್ ಇರುವ ನೋಡ್ ಒಂದು ಕಡೆ, ಆನ್-ಆಫ್ ಮಾಡುವ ನೋಡ್ ಇನ್ನೊಂದು ಕಡೆ ಆದ್ದರಿಂದ ಆಯ್ಕೆ ಬದಲಾದರೆ ಹೈಲೈಟ್ ತಪ್ಪಬಹುದು. ಹಾಗಾದರೆ ನೋಡಿನ ಮೇಲಿನ ಅಂಕಿಯನ್ನು ಕ್ಲಿಕ್ ಮಾಡಿ ಆಫ್ ಮಾಡಿ. ಕಣ್ಣು ಸ್ಕೋಪಿನ ಮೇಲೆ ಇರಲಿ. ಮುಖದ ಟ್ರೇಸ್ ಒಂದು ಕೂದಲೆಳೆಯೂ ಅಲುಗಬಾರದು. ಬದಲಾದದ್ದು ಸೀರೆ ತಾನೇ, ಮುಖ ಯಾಕೆ ಅಲುಗಬೇಕು? ಎಲ್ಲಿ ಅಲುಗುತ್ತದೋ ಆ ಭಾಗವನ್ನು ಕ್ವಾಲಿಫೈಯರ್ ಕದ್ದಿದೆ ಎಂದು ಅರ್ಥ.

ಅಂಚಿನಲ್ಲೂ ಒಮ್ಮೆ ಕಣ್ಣಾಡಿಸಿ. ಬಹಳಷ್ಟು ಕ್ಯಾಮೆರಾಗಳು 4:2:0 ರೂಪದಲ್ಲಿ ರೆಕಾರ್ಡ್ ಮಾಡುತ್ತವೆ. ಅದರಲ್ಲಿ ಬಣ್ಣದ ವಿವರ ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾತ್ರ ಇರುತ್ತದೆ. ಹಾಗಾಗಿ ಕತ್ತಿನ ಚರ್ಮ ಮತ್ತು ಸೀರೆಯ ಅಂಚು ಸೇರುವಲ್ಲಿ ಬಣ್ಣ ಒಂದಕ್ಕೊಂದು ಸೋರಿರುತ್ತದೆ. ಸೀರೆ ಕೇಸರಿ ಇದ್ದಾಗ ಇದು ಕಾಣುತ್ತಿರಲಿಲ್ಲ, ಹಸಿರಾದ ಮೇಲೆ ಸಣ್ಣ ಕೇಸರಿ ಗೀಟು ಎದ್ದು ಕಾಣುತ್ತದೆ. ಕ್ವಾಲಿಫೈಯರ್ ಆರಿಸಿದ ಜಾಗದ ಮ್ಯಾಟ್ ಅನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸಿ ಸ್ವಲ್ಪ ಬ್ಲರ್ ಕೊಟ್ಟರೆ ಹೆಚ್ಚಿನಂಶ ಹೋಗುತ್ತದೆ.

ಈಗ ಗದ್ದ. ನನಗೆ ಈ ಪ್ರಶ್ನೆಯಲ್ಲಿ ಬಹಳ ಹಿಡಿಸಿದ್ದು ಇದೇ, ಯಾಕೆಂದರೆ ಸ್ಕಿನ್ ಲೈನ್ ಎಲ್ಲಿ ಸೋಲುತ್ತದೆ ಎಂದು ಇದು ಚೆನ್ನಾಗಿ ತೋರಿಸುತ್ತದೆ. ಬೆಳಕು ಸೀರೆಗೆ ಬಡಿದು ಮೇಲಕ್ಕೆ ಚಿಮ್ಮುತ್ತದೆ. ಕೇಸರಿ ಸೀರೆ ಗದ್ದದ ಕೆಳಗೂ ಕತ್ತಿಗೂ ಕೇಸರಿ ಬೆಳಕನ್ನು ಎಸೆದಿರುತ್ತದೆ. ಆ ಜಾಗ 190, 120, 85 ಇದೆ ಅಂದುಕೊಳ್ಳಿ. ದಿಕ್ಕು 125 ಡಿಗ್ರಿ, ಅಂದರೆ ಗೆರೆಯ ಮೇಲೇ ಅನ್ನಬಹುದು. ಆದರೆ ದೂರ ಕೆನ್ನೆಗಿಂತ ಸುಮಾರು 30% ಜಾಸ್ತಿ. ಸೀರೆ ಕೇಸರಿ ಇದ್ದಾಗ ಇದು ಸಹಜ. ಸೀರೆ ಹಸಿರಾದ ಮೇಲೆ ಗದ್ದದ ಕೆಳಗೆ ಕೇಸರಿ ಬೆಳಕು ಎಲ್ಲಿಂದ ಬಂತು? ನೋಡುವವರಿಗೆ ಇದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ, "ಏನೋ ಸರಿ ಇಲ್ಲ" ಎನ್ನುತ್ತಾರೆ. ಸ್ಕಿನ್ ಲೈನ್ ಮಾತ್ರ ಎಲ್ಲಾ ಸರಿ ಇದೆ ಎಂದೇ ಹೇಳುತ್ತದೆ. ದಿಕ್ಕು ಸರಿ ಇದೆಯಲ್ಲ!

ಇಲ್ಲಿ ನೋಡಬೇಕಾದ್ದು ಉದ್ದ. ವಿಂಡೋವನ್ನು ಮೊದಲು ಕೆನ್ನೆಯ ಮೇಲೆ ಇಡಿ, ಟ್ರೇಸ್ ಎಲ್ಲಿ ಮುಗಿಯುತ್ತದೆ ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ಗದ್ದದ ಕೆಳಗೆ ಇಡಿ. ನೆರಳಿನ ಕಡೆ ಇರುವ ಗದ್ದ ಕೆನ್ನೆಗಿಂತ ಗಿಡ್ಡ ಟ್ರೇಸ್ ಕೊಡಬೇಕು. ಉದ್ದ ಕೊಟ್ಟರೆ ಹಳೆಯ ಸೀರೆಯ ಬೆಳಕು ಇನ್ನೂ ಅಲ್ಲೇ ಇದೆ. ಸರಿ ಮಾಡಲು ಗದ್ದ ಮತ್ತು ಕತ್ತಿಗೆ ಅಂಚು ತುಂಬ ಮೆದುವಾಗಿರುವ ಒಂದು ವಿಂಡೋ ಹಾಕಿ ಸ್ಯಾಚುರೇಷನ್ ಇಳಿಸಿ. ಮೇಲಿನ ಅಂಕಿಗಳ ಪ್ರಕಾರ ಕೆನ್ನೆಯ ಮಟ್ಟಕ್ಕೆ ತರಲು ರಿಸಾಲ್ವ್‌ನ 50ರಿಂದ 38ರ ಸುಮಾರಿಗೆ ಬರಬೇಕು. ನೆರಳು ಎಂಬುದು ಕಾಣಬೇಕಾದರೆ ಇನ್ನೂ ಒಂದೆರಡು ಕೆಳಗೆ. ನಿಮ್ಮ ಶಾಟ್‌ನಲ್ಲಿ ಅಂಕಿ ಬೇರೆ ಬರುತ್ತದೆ, ಸ್ಕೋಪ್ ನೋಡಿಯೇ ನಿಲ್ಲಿಸಿ. ಆಮೇಲೆ ಆ ಜಾಗವನ್ನು ಎರಡು-ಮೂರು ಡಿಗ್ರಿ ಹಳದಿ ಕಡೆಗೆ ತಿರುಗಿಸಿದರೆ ಹಸಿರು ಸೀರೆಯ ಬೆಳಕು ಬಿದ್ದ ಹಾಗೆ ಅನಿಸುತ್ತದೆ. ಅದಕ್ಕಿಂತ ಜಾಸ್ತಿ ಬೇಡ. ನಿಜವಾಗಿ ಹಸಿರು ಬೆಳಕು ಬಿದ್ದ ಗದ್ದ ನೋಡಲು ಚೆನ್ನಾಗಿರುವುದಿಲ್ಲ, ಅದನ್ನು ಕ್ಯಾಮೆರಾಮನ್‌ಗಳೇ ಸೆಟ್‌ನಲ್ಲಿ ತಡೆಯುತ್ತಾರೆ. ಇಲ್ಲಿ ಪೂರ್ತಿ ನಿಜಕ್ಕಿಂತ ನಂಬುವಷ್ಟು ಇದ್ದರೆ ಸಾಕು.

ಟೀಲ್ ಲುಕ್ ವಿಷಯ ಈಗ. ಸ್ಕಿನ್ ಲೈನ್ ಅನ್ನು ನಡುವಿನಿಂದ ಆಚೆಗೂ ಎಳೆದುಕೊಂಡು ಹೋಗಿ, ಐದು ಗಂಟೆಯ ದಿಕ್ಕಿಗೆ. ಅಲ್ಲಿ ಸಿಗುವುದು ಟೀಲ್‌ನ ನೀಲಿ ಕಡೆಯ ಅಂಚು. ಅಂದರೆ ಟೀಲ್-ಆರೆಂಜ್ ಲುಕ್ ಎಂಬುದು ಹೆಚ್ಚುಕಡಿಮೆ ಇದೇ ಗೆರೆಯ ಎರಡು ತುದಿ. ಅದಕ್ಕೇ ಆ ಲುಕ್ ಕೊಟ್ಟಾಗ ಇಡೀ ಸ್ಕೋಪ್ ಗೆರೆಯ ಉದ್ದಕ್ಕೂ ಅಚ್ಚುಕಟ್ಟಾಗಿ ಮಲಗುತ್ತದೆ, ನೋಡಲು ತುಂಬ ಚೆನ್ನಾಗಿರುತ್ತದೆ. ಆದರೆ ನೆರಳುಗಳಿಗೆ ಟೀಲ್ ತುಂಬಿದಾಗ ಮುಖದ ನೆರಳಿನ ಭಾಗವೂ ಆ ಕಡೆಗೆ ಜಾರುತ್ತದೆ. ಅದು ಮೊದಲು ಗಿಡ್ಡವಾಗುತ್ತದೆ, ಆಮೇಲೆ ನಡುವಿಗೆ ಬಂದು ಬೂದಾಗುತ್ತದೆ, ಇನ್ನೂ ತುಂಬಿದರೆ ನಡುವನ್ನು ದಾಟಿ ಆಚೆಗೆ ಹೋಗುತ್ತದೆ. ಒಂದು ಕೆನ್ನೆಯಲ್ಲಿ ರಕ್ತ ಇದೆ, ಇನ್ನೊಂದರಲ್ಲಿ ಇಲ್ಲ ಎಂಬ ಹಾಗೆ.

ಇದನ್ನು ಹಿಡಿಯಲು ವಿಂಡೋವನ್ನು ಮುಖದ ನೆರಳಿನ ಅರ್ಧಕ್ಕೆ ಮಾತ್ರ ಇಟ್ಟು, 2x ಜೂಮ್‌ನಲ್ಲಿ ನೋಡಿ. ಆ ಟ್ರೇಸ್ ಗಿಡ್ಡ ಇದ್ದರೆ ಪರವಾಗಿಲ್ಲ, ಆದರೆ ನಡುವಿನಿಂದ ಮೇಲಿನ ಎಡಕ್ಕೇ ಇರಬೇಕು. ಯಾವ ಭಾಗವೂ ಕೆಳಗಿನ ಬಲಕ್ಕೆ ದಾಟಬಾರದು. ದಾಟಿದ್ದರೆ ಲುಕ್‌ನ ನೋಡ್‌ನಲ್ಲಿ ಮುಖದ ವಿಂಡೋ ಹಾಕಿ ಆ ಟೀಲ್ ಅನ್ನು ಮುಕ್ಕಾಲು ಪಾಲು ಕಡಿಮೆ ಮಾಡಿ. ಪೂರ್ತಿ ತೆಗೆಯಬೇಡಿ. ಮುಖಕ್ಕೆ ಸುತ್ತಲಿನ ಬಣ್ಣ ಒಂಚೂರೂ ತಾಗದಿದ್ದರೆ ಅದು ಬೇರೆ ಶಾಟ್‌ನಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ, ಆಗ ಸ್ಕೋಪಿನಲ್ಲಿ ಮುಖ ಎಷ್ಟೇ ಸರಿ ಇದ್ದರೂ ಪ್ರಯೋಜನ ಇಲ್ಲ. ಹಾಗೆಯೇ, ಗೆರೆಗೆ ಹೊಂದಿಸುತ್ತೇನೆ ಎಂದು ಮುಖದ ಎಲ್ಲ ಹ್ಯೂಗಳನ್ನೂ ಒಂದೇ ದಿಕ್ಕಿಗೆ ಒತ್ತಿದರೆ ಆ ಮಸುಕಾದ ಪಟ್ಟಿ ತೆಳ್ಳಗಿನ ಗೀಟಾಗುತ್ತದೆ. ಮುಖಕ್ಕೆ ಮೇಣ ಮೆತ್ತಿದ ಹಾಗಾಗುತ್ತದೆ. ಗೆರೆ ಮೇಲೆ ತೀರಾ ನೇರವಾಗಿ, ತೀರಾ ತೆಳ್ಳಗೆ ಕೂತ ಟ್ರೇಸ್ ಕಂಡರೆ ನಾನು ಮೊದಲು ಅನುಮಾನ ಪಡುತ್ತೇನೆ.

ಎರಡನೇ ಮಾಡೆಲ್‌ಗೆ ಸ್ಯಾಚುರೇಷನ್ ಏರಿಸಬೇಡಿ. ಕಾರಣ ಸರಳ. ಕೆನ್ನೆಯ 200, 145, 120 ಅನ್ನು ಅರ್ಧ ಮಾಡಿ, 100, 72, 60 ಆಗುತ್ತದೆ. ದಿಕ್ಕು ಹೆಚ್ಚುಕಡಿಮೆ ಅದೇ, 122 ಡಿಗ್ರಿ. ಉದ್ದ ಮಾತ್ರ ಅರ್ಧ. ಬಣ್ಣದ ಬೆರಕೆ ಬದಲಾಗಿಲ್ಲ, ಬೆಳಕು ಕಡಿಮೆಯಾಗಿದೆ ಅಷ್ಟೇ. ಕಪ್ಪು ಮೈಬಣ್ಣದ ಮುಖ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತದೆ, ಅದಕ್ಕೆ ಟ್ರೇಸ್ ಗಿಡ್ಡ. ಅದು ದೋಷವಲ್ಲ. ಇಬ್ಬರ ಟ್ರೇಸ್‌ಗಳನ್ನೂ ಒಂದೇ ಉದ್ದಕ್ಕೆ ತಂದರೆ ಎರಡನೇ ಮಾಡೆಲ್‌ನ ಮುಖ ಇಟ್ಟಿಗೆ ಬಣ್ಣಕ್ಕೆ ಹೋಗುತ್ತದೆ. ಇಬ್ಬರ ನಡುವೆ ಹೋಲಿಸಬೇಕಾದ್ದು ದಿಕ್ಕನ್ನು ಮಾತ್ರ. ಒಂದೇ ಬೆಳಕಿನಲ್ಲಿ ನಿಂತಿದ್ದರೆ ಎರಡೂ ಕೆಲವೇ ಡಿಗ್ರಿಗಳ ಅಂತರದಲ್ಲಿರುತ್ತವೆ. ಒಬ್ಬರು ಮಾತ್ರ ಹತ್ತು-ಹದಿನೈದು ಡಿಗ್ರಿ ಆಚೆ ಹೋಗಿದ್ದರೆ, ಮೇಕಪ್ ಅಥವಾ ಪಕ್ಕದ ಗೋಡೆಯ ಬಣ್ಣ ಅದಕ್ಕೆ ಕಾರಣವೇ ಎಂದು ನೋಡಿ.

ಅಂಗಡಿಯವರು "ಇವರನ್ನ ಸ್ವಲ್ಪ ಬೆಳ್ಳಗೆ ಮಾಡಿ" ಎಂದು ಕೇಳಿಯೇ ಕೇಳುತ್ತಾರೆ, ನಮ್ಮ ಕಡೆ ಅದು ತಪ್ಪಿದ್ದಲ್ಲ. ನನ್ನನ್ನು ಕೇಳಿದರೆ ಮಾಡಬೇಡಿ ಎನ್ನುತ್ತೇನೆ. ಕೆಲಸ ಉಳಿಸಿಕೊಳ್ಳಲು ಬೆಳಕು ಸ್ವಲ್ಪ ಏರಿಸಲೇಬೇಕಾದರೆ ಹೇಗೆ ಏರಿಸುತ್ತೀರಿ ಎಂಬುದು ಮುಖ್ಯ. ಆಫ್‌ಸೆಟ್‌ನಿಂದ ಏರಿಸಿದರೆ ಮೂರೂ ಚಾನೆಲ್‌ಗೆ ಒಂದೇ ಅಂಕಿ ಸೇರುತ್ತದೆ. 100, 72, 60ಕ್ಕೆ ತಲಾ 40 ಸೇರಿಸಿ, 140, 112, 100 ಆಯಿತು. ಮುಖ ಬೆಳಗಿತು, ಜೊತೆಗೆ ಮಾಸಲು ಬೂದಾಯಿತು. ಆದರೆ ವೆಕ್ಟರ್‌ಸ್ಕೋಪ್‌ನಲ್ಲಿ ಟ್ರೇಸ್ ಒಂದಿಷ್ಟೂ ಅಲುಗುವುದಿಲ್ಲ! ಸ್ಕೋಪ್ ನೋಡುವುದು ಚಾನೆಲ್‌ಗಳ ನಡುವಿನ ವ್ಯತ್ಯಾಸವನ್ನು, ಅದು ಹಾಗೇ ಉಳಿದಿದೆ. ಗೇನ್‌ನಿಂದ ಏರಿಸಿದರೆ ಅಂಕಿಗಳು ಗುಣಾಕಾರವಾಗುತ್ತವೆ, ಟ್ರೇಸ್ ಸಹ ಅದೇ ಪ್ರಮಾಣದಲ್ಲಿ ಉದ್ದವಾಗುತ್ತದೆ, ಮುಖದ ಬಣ್ಣ ಉಳಿಯುತ್ತದೆ. ಹಾಗಾಗಿ ಮುಖದ ಬೆಳಕು ಮುಟ್ಟಿದಾಗಲೆಲ್ಲ ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ಪಕ್ಕದಲ್ಲೇ ತೆರೆದಿರಲಿ. ವೇವ್‌ಫಾರ್ಮ್‌ನಲ್ಲಿ ಮುಖ ಮೇಲೆ ಹೋಗಿ, ವೆಕ್ಟರ್‌ಸ್ಕೋಪ್‌ನಲ್ಲಿ ಟ್ರೇಸ್ ಅಲ್ಲೇ ನಿಂತಿದ್ದರೆ ಮುಖ ಮಾಸುತ್ತಿದೆ ಎಂದು ಅರ್ಥ. ಸ್ಯಾಚುರೇಷನ್ ಏರಿಸುವುದಾದರೆ ಅಲ್ಲಿ, ಆ ಕೊರತೆ ತುಂಬುವಷ್ಟು ಮಾತ್ರ.

ಇದನ್ನೆಲ್ಲ ಒಂದೇ ಫ್ರೇಮಿನಲ್ಲಿ ಮಾಡಿ ಮುಗಿಸಬೇಡಿ. ಸೀರೆಯ ಜಾಹೀರಾತಿನಲ್ಲಿ ಮಾಡೆಲ್ ತಿರುಗುತ್ತಾರೆ, ಸೆರಗು ಹಾರಿಸುತ್ತಾರೆ, ಸೆರಗನ್ನು ಕೆನ್ನೆಗೆ ತಾಗಿಸುತ್ತಾರೆ. ಶಾಟ್‌ನ ಮೊದಲು, ಕೊನೆ, ಮತ್ತು ಸೆರಗು ಮುಖಕ್ಕೆ ಅತಿ ಹತ್ತಿರ ಬರುವ ಫ್ರೇಮ್, ಈ ಮೂರರಲ್ಲೂ ಮುಖದ ಹೈಲೈಟ್ ಹಾಕಿ ನೋಡಿ. ಆಮೇಲೆ ಹೈಲೈಟ್ ಇಟ್ಟುಕೊಂಡೇ ಪ್ಲೇ ಮಾಡಿ. ತಲೆ ತಿರುಗುವಾಗ ಟ್ರೇಸ್ ನಿಧಾನವಾಗಿ ಉದ್ದ-ಗಿಡ್ಡ ಆಗುವುದು ಸಹಜ, ಬೆಳಕು ಬದಲಾಗುತ್ತಿದೆ. ಹಳದಿ ಕಡೆಗೆ ತಟಕ್ಕನೆ ಒಂದು ಬಾಲ ಮೂಡಿ ಮಾಯವಾದರೆ ಆ ಫ್ರೇಮ್‌ಗಳಲ್ಲಿ ಕಳೆಯುವ ವಿಂಡೋ ಜಾರಿದೆ. ಟ್ರ್ಯಾಕರ್‌ಗೆ ಹೋಗಿ ಅಲ್ಲಿಂದ ಕೈಯಾರೆ ಸರಿ ಮಾಡಿ. ಹೈಲೈಟ್ ಆಫ್ ಮಾಡಿ, ಆ ಖಾಲಿ ನೋಡ್ ಅಳಿಸಿ, ಆಮೇಲಷ್ಟೇ ರೆಂಡರ್‌ಗೆ ಹಾಕಿ.